ಎಷ್ಟು ಕೋಟ್ ಎಂದು ಕೇಳುವುದನ್ನು ಬಿಡಿ, ಎಷ್ಟು ಲೀಟರ್ ಎಂದು ಕೇಳಿ

ನಿನ್ನೆ ಅಕ್ಕನ ಮನೆಯಲ್ಲಿ ತಾರಸಿ ವಾಟರ್‌ಪ್ರೂಫಿಂಗ್‌ಗೆ ಬಂದಿದ್ದ ಎರಡು ಕೊಟೇಶನ್ ನೋಡಿದಾಗಿನಿಂದ ನನ್ನ ಸಿಟ್ಟು ಇಳಿದಿಲ್ಲ. ಮೊದಲನೆಯದು ಚದರಡಿಗೆ 35 ರೂಪಾಯಿ, ನಾಲ್ಕು ಕೋಟ್, ಹತ್ತು ವರ್ಷ ಗ್ಯಾರಂಟಿ. ಎರಡನೆಯದು 82 ರೂಪಾಯಿ, ಮೂರು ಕೋಟ್, ಐದು ವರ್ಷ. ಭಾವ ಮೊದಲನೆಯವರಿಗೆ ಮುಂಗಡ ಕೊಡಲು ಹೊರಟಿದ್ದರು. "ಕೋಟ್ ಒಂದು ಹೆಚ್ಚು, ಗ್ಯಾರಂಟಿ ಎರಡು ಪಟ್ಟು, ದರ ಅರ್ಧಕ್ಕಿಂತ ಕಡಿಮೆ. ಇನ್ನೇನು ನೋಡುವುದಿದೆ?" ಎಂದರು.

ಇಂಥ ಹಾಳೆಗಳನ್ನು ಓದುವುದೇ ನನ್ನ ಕೆಲಸ ಎಂದು ಇಲ್ಲಿರುವ ಸ್ನೇಹಿತರಿಗೆ ಗೊತ್ತು. ಹಾಗಾಗಿ ಸುಮ್ಮನಿರಲು ಆಗಲಿಲ್ಲ.

ಕೋಟ್ ಎನ್ನುವುದು ಬ್ರಷ್ ಎಷ್ಟು ಸಲ ಓಡಿತು ಎಂಬ ಲೆಕ್ಕ. ನೀರನ್ನು ತಡೆಯುವುದು ಒಣಗಿದ ಮೇಲೆ ಉಳಿಯುವ ಪದರದ ದಪ್ಪ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಲೀಟರ್ ಲೇಪನ ಹರಡಿದರೆ ಹಸಿ ಪದರ ಒಂದು ಮಿಲಿಮೀಟರ್ ಆಗುತ್ತದೆ. ಅದರಲ್ಲಿನ ನೀರು ಆರಿದ ಮೇಲೆ ಉಳಿಯುವುದು ಗಟ್ಟಿ ಅಂಶ ಮಾತ್ರ. ಗಾತ್ರದ ಲೆಕ್ಕದಲ್ಲಿ ಗಟ್ಟಿ ಅಂಶ ಎಷ್ಟು ಎಂಬುದು ಆಯಾ ಲೇಪನದ ತಾಂತ್ರಿಕ ಮಾಹಿತಿ ಹಾಳೆಯಲ್ಲಿ ಇರುತ್ತದೆ. ಈ ಎರಡೂ ಕೊಟೇಶನ್‌ಗಳಲ್ಲಿದ್ದ ಅಕ್ರಿಲಿಕ್ ಲೇಪನಕ್ಕೆ ಅದು ಶೇ 50. ಅಂದರೆ ಒಣಗಿದ ಪದರ ಒಂದು ಮಿಲಿಮೀಟರ್ ಬೇಕಿದ್ದರೆ ಚದರ ಮೀಟರ್‌ಗೆ ಎರಡು ಲೀಟರ್ ಹಚ್ಚಲೇಬೇಕು.

ಅಕ್ಕನ ತಾರಸಿ 25 ಅಡಿಗೆ 40 ಅಡಿ. ಸಾವಿರ ಚದರಡಿ, ಸುಮಾರು 93 ಚದರ ಮೀಟರ್. ಮೊದಲನೆಯವರಿಗೆ ಫೋನ್ ಮಾಡಿ ಎಷ್ಟು ಬಕೆಟ್ ತರುತ್ತೀರಿ ಎಂದು ಕೇಳಿದೆ. 20 ಲೀಟರ್‌ನ ಮೂರು ಎಂದರು. 60 ಲೀಟರನ್ನು 93 ಚದರ ಮೀಟರ್‌ಗೆ ಹಂಚಿದರೆ ಒಣಗಿದ ಮೇಲೆ ಉಳಿಯುವುದು 0.32 ಮಿಲಿಮೀಟರ್. ಅದೂ ನಾಲ್ಕು ಕೋಟ್ ಸೇರಿ! ನೀರು ಬೆರೆಸಿ ಎಂಟು ಕೋಟ್ ಹೊಡೆದರೂ ಅಷ್ಟೇ, ಬೆರೆಸಿದ ನೀರು ಆವಿಯಾಗಿ ಹೋಗುತ್ತದೆ. ಎರಡನೆಯವರು ಒಣಗಿದ ಪದರ ಒಂದು ಮಿಲಿಮೀಟರ್ ಎಂದೇ ಬರೆದಿದ್ದರು, ಹನ್ನೊಂದು ಬಕೆಟ್ ಎಂದೂ ನಮೂದಿಸಿದ್ದರು. ಬಕೆಟ್ ಮೇಲೆ ಲೀಟರ್ ಇದೆಯೋ ಕಿಲೋ ಇದೆಯೋ ಎಂಬುದನ್ನೂ ನೋಡಬೇಕು. ಸಾಂದ್ರತೆ 1.3 ಇದ್ದರೆ 20 ಕಿಲೋ ಬಕೆಟ್‌ನಲ್ಲಿ ಇರುವುದು ಹದಿನೈದು ಲೀಟರ್ ಚಿಲ್ಲರೆ.

ಮನೆ ಕಟ್ಟಿಸಿದವರು ಮೈಕ್ರಾನ್ ಅಳೆಯುತ್ತಾ ಕೂರಲು ಆಗುತ್ತದೆಯೇ ಎಂದು ಭಾವ ಕೇಳಿದರು. ಅಳೆಯುವುದು ಬೇಡ. ಸೀಲ್ ಒಡೆಯದ ಬಕೆಟ್‌ಗಳನ್ನು ಕೆಲಸ ಶುರುವಾಗುವ ಮೊದಲು ಎಣಿಸಿ, ಮುಗಿದ ಮೇಲೆ ಖಾಲಿಯಾದವನ್ನು ಎಣಿಸಿ. ಹನ್ನೊಂದರವರೆಗೆ ಎಣಿಸಲು ಯಾರಿಗೂ ಎಂಜಿನಿಯರಿಂಗ್ ಪದವಿ ಬೇಕಿಲ್ಲ.

ಇನ್ನು ಕೆಲಸದ ವ್ಯಾಪ್ತಿ. ಮೊದಲನೆಯದರಲ್ಲಿ "ತಾರಸಿ ಸ್ವಚ್ಛಗೊಳಿಸಿ ಲೇಪನ ಮಾಡುವುದು" ಎಂಬ ಒಂದೇ ಸಾಲು. ಎರಡನೆಯವರು ಪ್ಯಾರಪೆಟ್ ಗೋಡೆಯ ಮೇಲೂ ಒಂದು ಅಡಿ ಏರಿಸಿ ಹಚ್ಚುತ್ತಾರೆ. ಸುತ್ತಳತೆ 130 ಅಡಿ ಇರುವುದರಿಂದ ಅವರ ಅಳತೆ 1,130 ಚದರಡಿ. ಗೋಡೆಯೂ ನೆಲವೂ ಸೇರುವ ಮೂಲೆಗೆ ಗಾರೆ ಹಾಕಿ ದುಂಡಗೆ ಮಾಡುವುದು, ಬಿರುಕುಗಳನ್ನು ಅಗಲಿಸಿ ತುಂಬುವುದು, ನೀರು ಪೈಪಿನ ಕಡೆಗೆ ಹರಿಯುವಂತೆ ವಾಟ ಸರಿಪಡಿಸುವುದು, ಎಲ್ಲವೂ ಸೇರಿದೆ. ಇದೆಲ್ಲವನ್ನೂ ಅಷ್ಟೇ ಲೀಟರನ್ನೂ ಸೇರಿಸಿ ದರ ಹೇಳಿ ಎಂದಾಗ ಮೊದಲನೆಯವರೇ ಚದರಡಿಗೆ 76 ಎಂದರು. ಎಲ್ಲಿ ಹೋಯಿತು ಆ ಅರ್ಧ ದರ?

ನನ್ನನ್ನು ನಿಜವಾಗಿ ಕೆರಳಿಸಿದ್ದು ಮೊದಲನೆಯವರ ಗ್ಯಾರಂಟಿಯ ಸಾಲು. "ಬಳಸಿದ ಸಾಮಗ್ರಿಗೆ ಮಾತ್ರ. ನೀರು ನಿಲ್ಲುವ ಜಾಗಕ್ಕೆ ಅನ್ವಯವಾಗುವುದಿಲ್ಲ." ತಾರಸಿಗೆ ಹತ್ತಿ ನೋಡಿದೆ. ಮಳೆನೀರಿನ ಪೈಪಿನ ಬಾಯಿ ಸುತ್ತಲಿನ ನೆಲಕ್ಕಿಂತ ಒಂದು ಬೆರಳಿನಷ್ಟು ಎತ್ತರದಲ್ಲಿದೆ. ಅದರ ಸುತ್ತ ಒಣಗಿದ ಪಾಚಿಯ ಕಪ್ಪು ಅಂಚು, ನೀರು ಎಲ್ಲಿಯವರೆಗೆ ನಿಂತಿತ್ತು ಎಂಬುದರ ಗುರುತು. ಅದರ ಕೆಳಗೇ ಅಕ್ಕನ ಅಡುಗೆಮನೆ, ಸೋರುತ್ತಿರುವುದೂ ಅಲ್ಲೇ. ವಾಟ ಸರಿಪಡಿಸುವುದು ಕೆಲಸದಲ್ಲಿಲ್ಲ, ವಾಟವಿಲ್ಲದೆ ನೀರು ನಿಂತರೆ ಗ್ಯಾರಂಟಿಯಿಲ್ಲ. ಸೋರುವ ಜಾಗವೊಂದನ್ನು ಬಿಟ್ಟು ಉಳಿದೆಲ್ಲದಕ್ಕೂ ಹತ್ತು ವರ್ಷ!

ಎರಡನೆಯವರ ಗ್ಯಾರಂಟಿಯೂ ಸಾಲದು. "ಸೋರಿದರೆ ಉಚಿತ ದುರಸ್ತಿ" ಎಂದಷ್ಟೇ ಇತ್ತು. ಚಾವಣಿಯಲ್ಲಿ ತೇವ ಕಂಡು ತಿಳಿಸಿದ ಹದಿನೈದು ದಿನಗಳೊಳಗೆ, ಸಾಮಗ್ರಿ ಮತ್ತು ಕೂಲಿ ಎರಡೂ ತಮ್ಮ ಖರ್ಚಿನಲ್ಲಿ ಎಂದು ಅವರಿಂದ ಬರೆಸಿದ್ದೇನೆ. ಲೇಪನ ಪೂರ್ತಿ ಗಟ್ಟಿಯಾದ ಮೇಲೆ ಪೈಪಿನ ಬಾಯಿ ಮುಚ್ಚಿ, ಒಂದು ಇಂಚು ನೀರು ನಿಲ್ಲಿಸಿ, 48 ಗಂಟೆ ಬಿಟ್ಟು ಅಡುಗೆಮನೆಯ ಚಾವಣಿಯನ್ನು ಜೊತೆಯಲ್ಲೇ ನಿಂತು ನೋಡುವುದು. ಕೊನೆಯ ಶೇ 10ರಷ್ಟು ಹಣ ಅದಾದ ಮೇಲೆ. ಅವರು ತಕರಾರಿಲ್ಲದೆ ಸಹಿ ಹಾಕಿದ್ದಾರೆ.