ಓದಿ ಮುಗಿಯುವ ಸಬ್‌ಟೈಟಲ್: ಚಿಕ್ಕ ಪದ ಹುಡುಕುವ ಕೆಲಸದ ಬಗ್ಗೆ

ಕನ್ನಡ ಸಬ್‌ಟೈಟಲ್ ಇರುವ ಸಿನಿಮಾ ನೋಡಿ ಬಂದವರು ಒಂದೇ ದೂರು ಹೇಳುತ್ತಾರೆ. ಓದಿ ಮುಗಿಯುವ ಮೊದಲೇ ಸಾಲು ಹೋಗಿಬಿಡುತ್ತದೆ ಅಂತ. ಅದಕ್ಕೆ ಸಿಗುವ ಉತ್ತರವೂ ಒಂದೇ: "ಕನ್ನಡದ ಪದಗಳು ಉದ್ದ, ಏನು ಮಾಡೋದು?" ಈ ಉತ್ತರವನ್ನು ನಾನು ಒಪ್ಪುವುದಿಲ್ಲ. ನಾವು ಸಬ್‌ಟೈಟಲ್‌ಗೆ ಆರಿಸುವ ಪದಗಳು ಉದ್ದ, ಅಷ್ಟೇ. ಅದೇ ಮಾತನ್ನು ಮನೆಯಲ್ಲಿ ಆಡುವಾಗ ಯಾರೂ ಅಷ್ಟು ಉದ್ದ ಆಡುವುದಿಲ್ಲ.

ಚಿಕ್ಕಮಗಳೂರಿನಲ್ಲಿ ಕೂತು, ಸುತ್ತಮುತ್ತ ಕಿರುಚಿತ್ರ ಮಾಡುವ ಗೆಳೆಯರಿಗೆ ನಾನು ಕನ್ನಡ ಸಬ್‌ಟೈಟಲ್ ಮಾಡಿಕೊಡುತ್ತೇನೆ. ನಮ್ಮ ಜಿಲ್ಲೆಯಲ್ಲಿ ಈ ಕೆಲಸ ಸಾಕಷ್ಟಿದೆ. ಕೊಪ್ಪ, ಮೂಡಿಗೆರೆ ಕಡೆ ಮನೆಯಲ್ಲಿ ತುಳು ಆಡುವವರಿದ್ದಾರೆ. ತೋಟದ ಕೂಲಿಯವರು ಇರುವ ಲೈನ್ ಮನೆಗಳಲ್ಲಿ ತಮಿಳು ಕೇಳುತ್ತದೆ. ಕಥೆ ಇಲ್ಲಿಯದೇ ಆದರೂ ಮಾತು ಎಲ್ಲರಿಗೂ ತಿಳಿಯುವುದಿಲ್ಲ. ನೋಡಲು ಬರುವವರಲ್ಲಿ ಕಾಲೇಜು ಹುಡುಗರ ಜೊತೆ ಅವರ ಅಜ್ಜ ಅಜ್ಜಿಯೂ ಇರುತ್ತಾರೆ. ಅಜ್ಜಿಗೆ ಕನ್ನಡ ಓದಲು ಚೆನ್ನಾಗಿ ಬರುತ್ತದೆ, ಆದರೆ ನಿಧಾನವಾಗಿ. ಅವರು ಓದಿ, ತಲೆ ಎತ್ತಿ, ಪಾತ್ರದ ಮುಖವನ್ನೂ ನೋಡುವಷ್ಟು ಸಮಯ ಉಳಿಯಬೇಕು. ನನ್ನ ಲೆಕ್ಕವೆಲ್ಲ ಅಲ್ಲಿಂದ ಶುರುವಾಗುತ್ತದೆ.

ಲೆಕ್ಕ ಹೀಗಿದೆ. ಸಾಲು ತೆರೆಯ ಮೇಲೆ ಎಷ್ಟು ಸೆಕೆಂಡ್ ಇರುತ್ತದೆ, ಅದರಲ್ಲಿ ಎಷ್ಟು ಕ್ಯಾರೆಕ್ಟರ್ ಇವೆ ಎಂದು ತಂತ್ರಾಂಶ ಭಾಗಿಸಿ ತೋರಿಸುತ್ತದೆ. ದೊಡ್ಡವರು ನೋಡುವ ಇಂಗ್ಲಿಷ್ ಸಬ್‌ಟೈಟಲ್‌ಗೆ ಸೆಕೆಂಡಿಗೆ 17ರಿಂದ 20 ಕ್ಯಾರೆಕ್ಟರ್ ಎನ್ನುವುದು ಬಳಕೆಯಲ್ಲಿರುವ ಮಿತಿ. ಒಂದು ಸಲಕ್ಕೆ ಎರಡೇ ಸಾಲು. ಕನ್ನಡದಲ್ಲಿ ನಾನು 17 ದಾಟಲು ಬಿಡುವುದಿಲ್ಲ. ಆದರೆ ಈ ಎಣಿಕೆಯನ್ನು ಕಣ್ಣು ಮುಚ್ಚಿ ನಂಬುವ ಹಾಗೂ ಇಲ್ಲ. ತಂತ್ರಾಂಶ ಮೂಲ ಅಕ್ಷರ, ಸ್ವರಚಿಹ್ನೆ, ಒತ್ತು ಕೂಡಿಸುವ ಚಿಹ್ನೆ, ಎಲ್ಲವನ್ನೂ ಬೇರೆ ಬೇರೆಯಾಗಿ ಎಣಿಸುತ್ತದೆ. "ಸ್ತ್ರೀ" ನಮ್ಮ ಕಣ್ಣಿಗೆ ಒಂದೇ ಅಕ್ಷರ, ಅದಕ್ಕೆ 6. "ಹೆಂಗಸು" ಕೂಡ 6, "ಹೆಣ್ಣು" ಕೂಡ 6. ಮೂರರಲ್ಲಿ ಯಾವುದು ಬೇಗ ಓದಿಸಿಕೊಳ್ಳುತ್ತದೆ, ಯಾವುದು ಆ ಪಾತ್ರದ ಬಾಯಿಗೆ ಹೊಂದುತ್ತದೆ ಎನ್ನುವುದನ್ನು ಯಂತ್ರ ಹೇಳುವುದಿಲ್ಲ. ಅದನ್ನು ನಾವೇ ನೋಡಬೇಕು.

ಒಂದು ಸಾಲನ್ನು ಪೂರ್ತಿ ತೋರಿಸುತ್ತೇನೆ. ತುಳು ಮಾತಿನ ಒಂದು ಕಿರುಚಿತ್ರ. ಮೂಡಿಗೆರೆ ಕಡೆಯ ಸಣ್ಣ ಹಿಡುವಳಿಯ ಮನೆ. ಊರಿಗೆ ಬಂದ ಮಗ ತೋಟ ಮಾರಿ ತನ್ನ ಪಾಲು ಕೊಡಿ ಎನ್ನುತ್ತಾನೆ. ತಾಯಿ ಒಲೆ ಮುಂದೆ ಕೂತು, ತಿರುಗಿಯೂ ನೋಡದೆ, ಎರಡೂವರೆ ಸೆಕೆಂಡಿನಲ್ಲಿ ಒಂದು ಮಾತು ಹೇಳುತ್ತಾಳೆ. ನನಗೆ ಬಂದ ಕರಡಿನಲ್ಲಿ ಅದು ಹೀಗಿತ್ತು:

"ನಿನ್ನ ತಂದೆಯವರ ಚಿಕಿತ್ಸೆಗಾಗಿ ನಾವು ಆ ಜಮೀನನ್ನು ಅಡಮಾನ ಇಟ್ಟಿದ್ದೇವೆ"

ನಡುವಿನ ಖಾಲಿ ಜಾಗವೂ ಸೇರಿ 60 ಕ್ಯಾರೆಕ್ಟರ್. ಸೆಕೆಂಡಿಗೆ 24. ಅಜ್ಜಿ ಇರಲಿ, ನನಗೇ ಓದಲಾಗುವುದಿಲ್ಲ. 17ರ ಲೆಕ್ಕದಲ್ಲಿ 42ರೊಳಗೆ ಬರಬೇಕು.

ಪದ ಬದಲಿಸುವ ಮೊದಲು, ಇಲ್ಲದಿದ್ದರೂ ನಡೆಯುವುದನ್ನು ತೆಗೆಯಬೇಕು. "ಇಟ್ಟಿದ್ದೇವೆ" ಎಂದರೆ "ನಾವು" ಎನ್ನುವುದು ಕ್ರಿಯಾಪದದಲ್ಲೇ ಬಂತು. ತಾಯಿ ಮಗನಿಗೆ ಹೇಳುತ್ತಿರುವಾಗ "ನಿನ್ನ" ಕೂಡ ಬೇಡ. ಜಗಳ ಯಾವ ಜಮೀನಿನದು ಎಂದು ಗೊತ್ತಾಗಿದೆ, ಹಾಗಾಗಿ "ಆ" ಬೇಡ. ಇಷ್ಟಕ್ಕೇ 47ಕ್ಕೆ ಇಳಿಯಿತು. "ತಂದೆಯವರ" ಅನ್ನುವುದನ್ನು ಯಾವ ತಾಯಿಯೂ ಒಲೆ ಮುಂದೆ ಕೂತು ಹೇಳುವುದಿಲ್ಲ. "ಅಪ್ಪನ" ಸಾಕು. "ಚಿಕಿತ್ಸೆಗಾಗಿ" ಬದಲು "ಚಿಕಿತ್ಸೆಗೆ". ಈಗ 43.

ಇಲ್ಲಿಂದ ಮುಂದೆ ನಿಜವಾದ ಸಮಾನಾರ್ಥಕದ ಕೆಲಸ. "ಜಮೀನನ್ನು" ಬದಲಿಗೆ ಏನು? "ಹೊಲ" ಚಿಕ್ಕದು. ಆದರೆ ಹೊಲ ಎಂದರೆ ನಮ್ಮ ಕಣ್ಣಿಗೆ ಕಡೂರು, ಅರಸೀಕೆರೆ ಕಡೆಯ ರಾಗಿಯ ಬಯಲು ಬರುತ್ತದೆ. ತೆರೆಯ ಮೇಲೆ ಕಾಣುವುದು ಕಾಫಿ ಗಿಡ. "ಜಾಗ" ಎಂದರೆ ಸೈಟೂ ಆಗಬಹುದು. "ಗದ್ದೆ" ಎಂದರೆ ಕಥೆಯೇ ಕೆಡುತ್ತದೆ, ಏಕೆಂದರೆ ಆ ಮನೆಯವರಿಗೆ ಗದ್ದೆಯೂ ಇದೆ, ಅದು ಅಡಕ್ಕೆ ಹೋಗಿಲ್ಲ, ಮುಂದೆ ಅದರ ಮಾತು ಬರುತ್ತದೆ. "ತೋಟ" ಒಂದೇ ಸರಿ. ಮೂರೇ ಕ್ಯಾರೆಕ್ಟರ್. ಅದಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ. ತುಳುವಿನಲ್ಲೂ ಅದು ತೋಟವೇ. ಕಿವಿಗೆ ಬಿದ್ದ ಪದವೇ ಕಣ್ಣಿಗೂ ಸಿಕ್ಕಾಗ ನೋಡುವವರು ತಡವರಿಸುವುದಿಲ್ಲ. ಪಕ್ಕದ ಭಾಷೆಗಳಿಗೆ ಸಬ್‌ಟೈಟಲ್ ಮಾಡುವವರು ಇದನ್ನು ಯಾವತ್ತೂ ಬಿಡಬಾರದು. ಕೇಳಿದ್ದು ಒಂದು, ಬರೆದದ್ದು ಇನ್ನೊಂದು ಆದರೆ ಪದ ಎಷ್ಟೇ ಚಿಕ್ಕದಿದ್ದರೂ ಓದು ನಿಲ್ಲುತ್ತದೆ.

ಜಡ ವಸ್ತುವಿಗೆ "ಅನ್ನು" ಪ್ರತ್ಯಯ ಹಚ್ಚಲೇಬೇಕೆಂದಿಲ್ಲ. "ತೋಟ ಅಡ ಇಟ್ಟರು" ಎಂದೇ ನಾವು ಮಾತಾಡುವುದು, ಅಲ್ವಾ? ಹಾಗೆಯೇ "ಅಡಮಾನ" ಬ್ಯಾಂಕಿನ ಕಾಗದದಲ್ಲಿ ಇರಲಿ, ಮನೆಯಲ್ಲಿ "ಅಡ". ಈಗ 35. ಸೆಕೆಂಡಿಗೆ 14.

```
214
00:18:42,300 --> 00:18:44,800
ಅಪ್ಪನ ಚಿಕಿತ್ಸೆಗೆ
ತೋಟ ಅಡ ಇಟ್ಟಿದ್ದೀವಿ
```

ಇನ್ನೂ ಇಳಿಸಬಹುದಿತ್ತು. "ಇಟ್ಟಿದ್ದೀವಿ" ಜಾಗದಲ್ಲಿ "ಇಟ್ವಿ" ಹಾಕಿದರೆ ಇನ್ನೂ ಆರು ಉಳಿಯುತ್ತದೆ. ಚಿತ್ರದ ನಿರ್ದೇಶಕರೂ ಅದನ್ನೇ ಕೇಳಿದರು. ನಾನು ಬೇಡ ಎಂದೆ. "ಇಟ್ವಿ" ಎಂದರೆ ಯಾವತ್ತೋ ಇಟ್ಟದ್ದು, ಬಿಡಿಸಿಕೊಂಡಿರಲೂಬಹುದು. "ಇಟ್ಟಿದ್ದೀವಿ" ಎಂದರೆ ಇವತ್ತಿಗೂ ಅಡದಲ್ಲೇ ಇದೆ. ಮಗನಿಗೆ ಮಾರಲು ಏನೂ ಇಲ್ಲ ಎಂದು ಗೊತ್ತಾಗುವುದು ಆ ನಡುವಿನ "ಇದ್ದೀ"ಯಿಂದ. ಕಥೆ ನಿಂತಿರುವ ಜಾಗ ಅದು. ಅಲ್ಲಿ ಕತ್ತರಿ ಆಡಿಸಬಾರದು.

"ಚಿಕಿತ್ಸೆಗೆ" ಪದವನ್ನೂ ಬದಲಿಸಿ ನೋಡಿದೆ. "ಆಸ್ಪತ್ರೆಗೆ" ಕೂಡ ಅಷ್ಟೇ ಉದ್ದ, ತಾಯಿಯ ಬಾಯಿಗೆ ಇನ್ನೂ ಹತ್ತಿರ. ಆದರೆ "ಅಪ್ಪನ ಆಸ್ಪತ್ರೆಗೆ ತೋಟ ಅಡ ಇಟ್ಟಿದ್ದೀವಿ" ಎಂದು ಓದಿದರೆ ತೋಟವನ್ನು ಆಸ್ಪತ್ರೆಯವರಿಗೇ ಅಡ ಇಟ್ಟ ಹಾಗಾಗುತ್ತದೆ. "ಔಷಧಿಗೆ" ಚಿಕ್ಕದು, ಆದರೆ ಬಾಟಲಿ ಔಷಧಿಗೆ ತೋಟ ಅಡ ಇಡುತ್ತಾರಾ? ಹೀಗಾಗಿ ಚಿಕಿತ್ಸೆಯೇ ಉಳಿಯಿತು. ಸಂಸ್ಕೃತದ ಪದ ಕಂಡಲ್ಲೆಲ್ಲ ಅಟ್ಟಬೇಕು ಅನ್ನುವವನು ನಾನಲ್ಲ. ಎಲ್ಲರಿಗೂ ಗೊತ್ತಿರುವ ಪದ ಉದ್ದವಿದ್ದರೂ ಕಣ್ಣು ಒಂದೇ ಏಟಿಗೆ ಹಿಡಿಯುತ್ತದೆ. ಅಪರೂಪದ ಪದ ಎರಡೇ ಅಕ್ಷರ ಇದ್ದರೂ ಅಲ್ಲಿ ನಿಂತು ಯೋಚಿಸಬೇಕಾಗುತ್ತದೆ.

ಚಿಕ್ಕ ಪದ ಅರ್ಥವನ್ನೇ ತಿರುಗಿಸಿಬಿಡುವುದೂ ಉಂಟು. "ಪ್ರಯತ್ನಿಸುತ್ತೇನೆ" 16 ಕ್ಯಾರೆಕ್ಟರ್. "ನೋಡ್ತೀನಿ" 8. ಸರಿಯಾಗಿ ಅರ್ಧ. ತುಂಬಾ ಜನ ಇದನ್ನೇ ಹಾಕುತ್ತಾರೆ. ಆದರೆ ನಮ್ಮ ಕಡೆ ಸಾಲ ಕೇಳಿದವರಿಗೆ "ನೋಡ್ತೀನಿ" ಎಂದರೆ ಅದು ನಯವಾಗಿ ಹೇಳಿದ "ಇಲ್ಲ". ಮನಸಾರೆ ಮಾತು ಕೊಟ್ಟ ಪಾತ್ರ ಜಾರಿಕೊಳ್ಳುವವನಾಗಿ ಕಾಣುತ್ತಾನೆ. ಸಂದರ್ಭಕ್ಕೆ ತಕ್ಕ ಹಾಗೆ "ಮಾಡ್ತೀನಿ" ಆದೀತು, ಇಲ್ಲವೇ "ಕೈಲಾದಷ್ಟು ಮಾಡ್ತೀನಿ" ಎಂದು ಉದ್ದವನ್ನೇ ಇಟ್ಟು ಬೇರೆ ಕಡೆ ಉಳಿಸಬೇಕು.

ಬಹುವಚನವನ್ನೂ ಹಾಗೇ ಕಾಪಾಡಬೇಕು. "ಬನ್ನಿ"ಗಿಂತ "ಬಾ" ಚಿಕ್ಕದು. ಅಷ್ಟು ದಿನ ಸಾಹುಕಾರರಿಗೆ "ಬನ್ನಿ" ಅನ್ನುತ್ತಿದ್ದ, ತೋಟದ ಲೆಕ್ಕ ನೋಡುವ ರೈಟರ್ ಒಂದು ದಿನ "ಬಾ" ಅಂದರೆ ಆ ತೋಟದಲ್ಲಿ ಏನೋ ಮುರಿದಿದೆ ಎಂದರ್ಥ. ಮೊದಲಿನಿಂದಲೂ ಜಾಗ ಉಳಿಸಲೆಂದು "ಬಾ" ಹಾಕಿಕೊಂಡು ಬಂದಿದ್ದರೆ, ಆ ದಿನ ತೋರಿಸಲು ಏನೂ ಉಳಿಯುವುದಿಲ್ಲ.

ನನಗೆ ತೀರಾ ಮುಖ್ಯ ಅನ್ನಿಸುವ ವಿಷಯ ಬೇರೆ. ಕನ್ನಡದಲ್ಲಿ ಕ್ರಿಯಾಪದ ಬರುವುದು ಕೊನೆಯಲ್ಲಿ. ಸಮಯ ಸಾಲದೆ ಓದುಗ ಬಿಟ್ಟುಬಿಡುವುದೂ ಕೊನೆಯ ಪದವನ್ನೇ. "ಅವನು ದುಡ್ಡು ತೆಗೆದುಕೊಂಡಿದ್ದನ್ನು ನಾನು ನೋಡಿಲ್ಲ" ಎಂಬ ಸಾಲಿನಲ್ಲಿ ಕೊನೆಯ ಪದ ತಪ್ಪಿದರೆ ಸಾಕ್ಷಿ ಹೇಳಿದವನು ಚಾಡಿ ಹೇಳಿದವನಾಗುತ್ತಾನೆ. ಆದ್ದರಿಂದ ಸಾಲಿನ ಮುಂಭಾಗವನ್ನು ಇಳಿಸಬೇಕು, ಕೊನೆಯನ್ನು ಬಿಡಿಯಾಗಿ, ಸ್ಪಷ್ಟವಾಗಿ ಇಡಬೇಕು. "ತೆಗೆದುಕೊಂಡಿದ್ದನ್ನು" 18, "ತಗೊಂಡಿದ್ದು" 10. "ನಾನು" ತೆಗೆದರೆ "ಅವನು ದುಡ್ಡು ತಗೊಂಡಿದ್ದು ನೋಡಿಲ್ಲ". ಇಲ್ಲಿ "ನೋಡಿಲ್ಲ" ಅನ್ನುವುದನ್ನು ಮುಟ್ಟಿಲ್ಲ ನೋಡಿ. ಆದರೆ ಹೇಳುವವನು "ನಾನು" ಎಂಬುದಕ್ಕೆ ಒತ್ತು ಕೊಟ್ಟಿದ್ದರೆ, ಅಂದರೆ ಬೇರೆಯವರು ನೋಡಿರಬಹುದು ಎನ್ನುವ ಧ್ವನಿ ಇದ್ದರೆ, "ನಾನು" ಉಳಿಯಲೇಬೇಕು. "ನೋಡಿಲ್ಲ" ಕ್ರಿಯಾಪದದಲ್ಲಿ ಯಾರು ಎಂಬುದೂ ಇಲ್ಲ. ಅದಕ್ಕೇ ಪ್ರತಿ ಸಾಲನ್ನೂ ಧ್ವನಿ ಕೇಳಿಕೊಂಡೇ ಮಾಡಬೇಕು. ಸ್ಕ್ರಿಪ್ಟ್ ಮಾತ್ರ ಎದುರಿಗಿಟ್ಟುಕೊಂಡು ಆಗುವ ಕೆಲಸ ಇದಲ್ಲ.

ಪದ ಕಡಿಯುವ ಮೊದಲು ಸಮಯ ಸಿಗುತ್ತದಾ ಎಂದೂ ನೋಡಿ. ಮಾತು ಮುಗಿದ ಮೇಲೆ ಪಾತ್ರ ಸುಮ್ನೆ ಇದ್ದರೆ ಸಾಲನ್ನು ಅರ್ಧ ಸೆಕೆಂಡ್ ಜಾಸ್ತಿ ಇಡಬಹುದು. 17ರ ಲೆಕ್ಕದಲ್ಲಿ ಅದು ಎಂಟು ಕ್ಯಾರೆಕ್ಟರ್. ಒಂದು ಒಳ್ಳೆಯ ಪದ ಉಳಿಯಿತು.

ಕೊನೆಗೆ, ಆ ಭಾಷೆ ಗೊತ್ತಿಲ್ಲದ ಯಾರನ್ನಾದರೂ ಕೂರಿಸಿ ತೋರಿಸಿ. ತೆರೆ ನೋಡಬೇಡಿ, ಅವರ ಕಣ್ಣು ನೋಡಿ. ಸಾಲು ಇರುವಷ್ಟು ಹೊತ್ತೂ ನೋಟ ಕೆಳಗೇ ಇದ್ದರೆ ಇನ್ನೂ ಇಳಿಸಬೇಕು. ನಗಬೇಕಾದಲ್ಲಿ ಪಾತ್ರ ಬಾಯಿ ಬಿಡುವ ಮೊದಲೇ ನಕ್ಕರೆ ಸಾಲು ಬೇಗ ಬಂದಿದೆ. "ತೋಟ ಏನಾಯಿತು?" ಎಂದು ಆಮೇಲೆ ಕೇಳಿ. "ಮಾರಿದ್ದಾರೆ" ಎಂದರೆ ಪದ ತಪ್ಪಿದೆ. "ಅಡ ಇದೆ" ಎಂದರೆ ಸರಿ.

ಹಾಸನ, ಚಿಕ್ಕಮಗಳೂರು ಕಡೆ ಕಿರುಚಿತ್ರ ಮಾಡುತ್ತಿರುವ ಗೆಳೆಯರಲ್ಲಿ ಒಂದು ಮಾತು. ಸಬ್‌ಟೈಟಲ್ ಕೆಲಸವನ್ನು ಪ್ರದರ್ಶನದ ಹಿಂದಿನ ರಾತ್ರಿಗೆ ಇಡಬೇಡಿ. ಎಡಿಟ್ ಪೂರ್ತಿ ಮುಗಿಸಿ ಕೊಡಿ. ಜೊತೆಗೆ ಮುಂದೆ ಮತ್ತೆ ಬರುವ ಪದ ಯಾವುದು, ಯಾವ ಮಾತಿನ ಮೇಲೆ ಕಥೆ ತಿರುಗುತ್ತದೆ ಎಂದು ಒಂದು ಹಾಳೆಯಲ್ಲಿ ಬರೆದು ಕಳಿಸಿ. "ತೋಟ" ಮೂರು ಕಡೆ ಬರುತ್ತದೆ ಎಂದು ಮೊದಲೇ ಗೊತ್ತಿದ್ದರೆ ಮೂರು ಕಡೆಯೂ ಅದನ್ನೇ ಇಡುತ್ತೇವೆ, ಒಂದು ಕಡೆ ಜಮೀನು, ಇನ್ನೊಂದು ಕಡೆ ಆಸ್ತಿ ಎಂದು ಬರೆಯುವುದಿಲ್ಲ.