ಮೀಸೆಯೂ ಹೆಣ್ಣು

ಕನ್ನಡದಲ್ಲಿ ಮೇಜು, ಕುರ್ಚಿ, ಹಲಸಿನಹಣ್ಣು ಎಲ್ಲವೂ ‘ಅದು’. ಗಂಡೋ ಹೆಣ್ಣೋ ಎಂದು ಯಾರೂ ಕೇಳುವುದಿಲ್ಲ. ಹತ್ತನೇ ತರಗತಿಗೆ ಮೂರನೇ ಭಾಷೆಯಾಗಿ ಹಿಂದಿ ತಗೊಂಡ ಮಕ್ಕಳಿಗೂ, ಮಧ್ಯಾಹ್ನದ ಕೆಲಸ ಮುಗಿಸಿ ಹಿಂದಿ ಪ್ರಚಾರ ಸಭಾದ ‘ಮಧ್ಯಮಾ’ಕ್ಕೆ ಓದುವ ಗೃಹಿಣಿಯರಿಗೂ ತೊಡಕು ಶುರುವಾಗುವುದೇ ಇಲ್ಲಿ. ಹಿಂದಿಯಲ್ಲಿ ನಪುಂಸಕಲಿಂಗವೇ ಇಲ್ಲ. ಕುರ್ಸೀ ಹೆಣ್ಣು, ಪಲಂಗ್ ಗಂಡು. ಪೊಲೀಸ್ ಹೆಣ್ಣು. ಮೂಂಛ್, ಅಂದರೆ ಸಾಕ್ಷಾತ್ ಮೀಸೆ, ಅದೂ ಹೆಣ್ಣು!

‘ಈ’ಕಾರದಲ್ಲಿ ಮುಗಿದರೆ ಸ್ತ್ರೀಲಿಂಗ ಎಂದು ಗೈಡಿನಲ್ಲಿರುತ್ತದೆ. ರೋಟೀ, ಸಬ್ಜೀ ಅದಕ್ಕೆ ತಲೆಯಾಡಿಸುತ್ತವೆ. ಪಾನೀ, ಘೀ, ದಹೀ ಮಾತ್ರ ಗಂಡಾಗಿಯೇ ಉಳಿಯುತ್ತವೆ. ಹಾಗಾಗಿ ಪಕ್ಕದ ಮನೆಯ ಹುಡುಗಿಗೆ ನಾನು ಹೇಳಿದ್ದು, ಶಬ್ದವನ್ನು ಒಂಟಿಯಾಗಿ ಉರುಹೊಡೆಯಬೇಡ, ‘ಮೇರೀ ಕಿತಾಬ್’, ‘ಮೇರಾ ಘರ್’ ಎಂದು ಜೋಡಿಯಾಗಿಯೇ ಬಾಯಿಗೆ ಬರಲಿ ಅಂತ. ಅವಳು ಅಡುಗೆಮನೆಯಲ್ಲೆಲ್ಲ ‘ಮೇರೀ ದಾಲ್, ಮೇರಾ ಘೀ’ ಎಂದು ಓಡಾಡಿ, ಅಜ್ಜಿಯ ಕೈಲಿ ‘ಎಲ್ಲ ನಿಂದೇನಾ?’ ಅನ್ನಿಸಿಕೊಂಡಳು.

ಲಿಂಗ ಗೊತ್ತಿಲ್ಲದಿದ್ದರೆ ಮುಂದೆ ಕಾದಿರುವುದು ‘ನೇ’. ‘ಸೀತೆ ಮಾವು ತಿಂದಳು’ ಎಂಬುದಕ್ಕೆ ಅವಳು ಬರೆದದ್ದು ‘ಸೀತಾ ಆಮ್ ಖಾಯೀ’. ಕನ್ನಡದ ಕಿವಿಗೆ ಎಷ್ಟು ಸರಿ! ಆದರೆ ಕರ್ಮವಿರುವ ಕ್ರಿಯೆ ಹೀಗೆ ನಡೆದುಹೋದದ್ದಾದರೆ ಸೀತೆಗೆ ‘ನೇ’ ಅಂಟುತ್ತದೆ, ಕ್ರಿಯಾಪದ ಅವಳನ್ನು ಬಿಟ್ಟು ಮಾವಿನ ಪಕ್ಷ ಸೇರುತ್ತದೆ: ‘ಸೀತಾ ನೇ ಆಮ್ ಖಾಯಾ’. ಅದೇ ರಾಮ ರೊಟ್ಟಿ ತಿಂದರೆ ‘ರಾಮ್ ನೇ ರೋಟೀ ಖಾಯೀ’.

“ತಿಂದವನು ರಾಮ ಅಲ್ವಾ ಮಾಮ?”

“ತಿಂದವನು ಅವನೇ. ಲೆಕ್ಕಕ್ಕೆ ಬರೋದು ರೊಟ್ಟಿ.”

ಕರ್ಮಕ್ಕೆ ‘ಕೋ’ ಹತ್ತಿದರೆ ಕ್ರಿಯಾಪದಕ್ಕೆ ಯಾರ ಹಂಗೂ ಇಲ್ಲ: ‘ಸೀತಾ ನೇ ಲಡಕೀ ಕೋ ದೇಖಾ’. ವರ್ತಮಾನದಲ್ಲಿ ‘ನೇ’ ಬೇಡವೇ ಬೇಡ. ‘ಸೀತಾ ಆಮ್ ಖಾತೀ ಹೈ’ ಅಂದರೆ ಸಾಕು. ಲಾನಾ, ಭೂಲನಾ ಎಂಬೆರಡು ಕಳ್ಳಧಾತುಗಳಿವೆ, ಕರ್ಮವಿದ್ದೂ ‘ನೇ’ ಒಲ್ಲವು: ‘ರಾಮ್ ಕಿತಾಬ್ ಲಾಯಾ’. ‘ಶುದ್ಧ ಕೀಜಿಯೇ’ ಎಂಬ ಪ್ರಶ್ನೆ ಕೊಡುವವರಿಗೆ ಇವೆರಡರ ಮೇಲೆ ಬಲು ಪ್ರೀತಿ ಎಂದು ನನ್ನ ಗುಮಾನಿ.

ಹಿಂದಿಯಲ್ಲಿ ಪರೀಕ್ಷೆಯನ್ನು ಬರೆಯುವುದಿಲ್ಲ, ಕೊಡುತ್ತಾರೆ. ಪರೀಕ್ಷಾ ಹೆಣ್ಣು ಬೇರೆ. ಹಾಗಾಗಿ ಎಂಥ ಮೀಸೆ ಹೊತ್ತ ಹುಡುಗನೂ ‘ಮೈಂ ನೇ ಪರೀಕ್ಷಾ ದೀ’ ಎನ್ನಬೇಕು. ಫಲಿತಾಂಶದ ದಿನ ಮಾತ್ರ ‘ನೇ’ ಕೈಕೊಡುತ್ತದೆ, ಮರೆಗೆ ಕರ್ಮವೂ ಸಿಗುವುದಿಲ್ಲ. ಕ್ರಿಯಾಪದ ನೇರ ಅವನತ್ತಲೇ ತಿರುಗುತ್ತದೆ: ‘ಮೈಂ ಫೇಲ್ ಹುಆ’.