ಮೂರನೆಯ ಕೂಗು

ಬನಶಂಕರಿಯ ನಮ್ಮ ಎರಡನೇ ಮಹಡಿಯ ಮನೆಯಿಂದ ಬೆಳಗ್ಗೆ ಮೂರು ಕೂಗು ಕೇಳಿಸುತ್ತಿದ್ದವು. ಮೊದಲಿನ ಎರಡು ಕುಕ್ಕರಿನವು, ಮೂರನೆಯದು ನನ್ನದು. ಕುಕ್ಕರ್ ಕೂಗುವ ಮೊದಲು ಬುಸ್ಸೆಂದು ಸೂಚನೆ ಕೊಡುತ್ತದೆ. ನನ್ನಲ್ಲಿ ಅಷ್ಟು ಸೌಜನ್ಯವೂ ಇರಲಿಲ್ಲ.

ಒಂದು ಬುಧವಾರ ಏಳೂವರೆಗೆ ಮಗಳ ಕಾಲುಚೀಲ ಒಂದೇ ಸಿಕ್ಕಿತು. ಶಾಲೆಯ ವ್ಯಾನು ಏಳು ನಲವತ್ತಕ್ಕೆ ತಿರುವಿಗೆ ಬರುತ್ತದೆ. ನಾನು ಕೂಗಿದೆ. ಎರಡನೇ ತರಗತಿಯ ಆ ಹುಡುಗಿ ಅಳಲಿಲ್ಲ. ಎರಡೂ ಕಿವಿ ಮುಚ್ಚಿಕೊಂಡು ಮುಗಿಯುವವರೆಗೆ ಸುಮ್ಮನೆ ಕಾದಳು. ಮಿಕ್ಸಿ ಹಾಕಿದಾಗಲೂ ಅವಳು ಹಾಗೆಯೇ ಕಾಯುತ್ತಾಳೆ.

ಮಿಕ್ಸಿಯ ಸಾಲಿಗೆ ಸೇರಿದ್ದು ನನಗೆ ನಾಟಿತು. ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕಕ್ಕೆ 'ಕೂ' ಎಂದು ಬರೆಯತೊಡಗಿದೆ. ಜೊತೆಗೆ ಹೊತ್ತು, ಅದಕ್ಕೆ ಸ್ವಲ್ಪ ಮೊದಲು ನಡೆದದ್ದು, ಕೊನೆಯ ಸಲ ಹೊಟ್ಟೆಗೆ ಏನಾದರೂ ಬಿದ್ದದ್ದು ಯಾವಾಗ ಎಂಬುದು. ಎರಡು ವಾರಕ್ಕೆ ಒಂಬತ್ತು 'ಕೂ' ಆದವು. ಪರವಾಗಿಲ್ಲ ಎಂದುಕೊಳ್ಳುವಷ್ಟರಲ್ಲಿ ಮಗಳು ಕುರ್ಚಿ ಹತ್ತಿ ನೋಡಿ, "ಅಪ್ಪಾ, ಶನಿವಾರದ ಎರಡು ಬಿಟ್ಟಿದ್ದೀಯ" ಎಂದಳು. ಹನ್ನೊಂದಾಯಿತು.

ಆ ಹನ್ನೊಂದರಲ್ಲಿ ಐದು ಬೆಳಗ್ಗೆ ಏಳು ಇಪ್ಪತ್ತರಿಂದ ನಲವತ್ತರ ಒಳಗಿನವು. ನಾಲ್ಕು ಸಂಜೆಯವು, ಸಿಲ್ಕ್ ಬೋರ್ಡ್ ದಾಟಿ ಹಸಿದು ಬಂದು ಚಪ್ಪಲಿ ಬಿಡುವ ಮೊದಲೇ ಆದವು. ಶನಿವಾರದ ಎರಡಕ್ಕೆ ಕಾರಣ ಕ್ರಿಕೆಟ್. ಅದರಲ್ಲಿ ಮಗಳ ಪಾಲು ಏನೂ ಇರಲಿಲ್ಲ. ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಭಾನುವಾರವೂ ಒಂದು ಕಾಲುಚೀಲ ಕಳೆದಿತ್ತು. ಅದನ್ನು ನಾನು ಹಾಡು ಗುನುಗುತ್ತ ಹುಡುಕಿ ಕೊಟ್ಟಿದ್ದೆ. ಹಾಗಾದರೆ ನನ್ನನ್ನು ಕೂಗಿಸುತ್ತಿದ್ದದ್ದು ಕಾಲುಚೀಲವಲ್ಲ, ವ್ಯಾನು. ಸಂಜೆ ಕೂಗಿಸುತ್ತಿದ್ದದ್ದು ಹೋಮ್‌ವರ್ಕ್ ಅಲ್ಲ, ಹೊಟ್ಟೆ.

ಬುಸ್ಸೆನ್ನುವ ಸೂಚನೆ ನನ್ನಲ್ಲೂ ಇತ್ತು, ನಾನು ಗಮನಿಸಿರಲಿಲ್ಲ ಅಷ್ಟೆ. ದವಡೆ ಬಿಗಿಯುತ್ತದೆ, ಕಿವಿ ಬಿಸಿಯಾಗುತ್ತದೆ. 'ಪುಟ್ಟಿ' ಹೋಗಿ ಹಾಜರಿ ಪುಸ್ತಕದ ಪೂರ್ತಿ ಹೆಸರು ಬಾಯಿಗೆ ಬರುತ್ತದೆ. ಆಮೇಲೆ ಉತ್ತರವಿಲ್ಲದ ಪ್ರಶ್ನೆಗಳು. "ಎಷ್ಟು ಸಲ ಹೇಳಬೇಕು ನಿನಗೆ?" ಎಂದು ಒಮ್ಮೆ ಕೇಳಿದಾಗ ಅವಳು ಯೋಚಿಸಿ "ನಾಲ್ಕು" ಎಂದಿದ್ದಳು.

ಸಿಟ್ಟು ಬಂದರೆ ಹತ್ತರವರೆಗೆ ಎಣಿಸಬೇಕು ಎನ್ನುತ್ತಾರಲ್ಲ, ಎಣಿಸಿದೆ. ಗಟ್ಟಿಯಾಗಿ, ಹಲ್ಲು ಕಚ್ಚಿಕೊಂಡು. ಹತ್ತಕ್ಕೆ ಏನು ಸಿಡಿಯುತ್ತದೋ ಎಂದು ನಾನು 'ಆರು' ಎನ್ನುವಷ್ಟರಲ್ಲಿ ಮಗಳು ಮಂಚದ ಕೆಳಗಿದ್ದಳು. ಎಣಿಸುವುದಾದರೆ ಮನಸ್ಸಿನಲ್ಲೇ ಎಣಿಸಬೇಕೆಂದು ಯಾರೂ ಹೇಳಿರಲಿಲ್ಲ. ಈಗ ಎಣಿಕೆಯನ್ನು ಉಸಿರಿಗೆ ಹೊಂದಿಸಿಕೊಂಡಿದ್ದೇನೆ. ನಾಲ್ಕು ಎಣಿಸುವವರೆಗೆ ಒಳಕ್ಕೆ, ಆರು ಎಣಿಸುವವರೆಗೆ ಹೊರಕ್ಕೆ, ಹೀಗೆ ಆರು ಸಲ. ಉಸಿರು ಬಿಡುವಾಗ ಹೃದಯದ ಬಡಿತ ತುಸು ನಿಧಾನವಾಗುತ್ತದೆ, ಅದಕ್ಕೇ ಬಿಡುವುದು ಉದ್ದವಾಗಿರಬೇಕು. ಒಂದು ನಿಮಿಷದ ಕೆಲಸ.

ಅದೂ ಸಾಲದೆ ಹೋದರೆ ಬಚ್ಚಲಿಗೆ ಹೋಗಿ ಮುಖಕ್ಕೆ ತಣ್ಣೀರು ಹಾಕಿಕೊಳ್ಳುತ್ತೇನೆ. ಮೊದಲ ಸಲ ಮಾತಿಲ್ಲದೆ ಎದ್ದು ಹೋಗಿ ಚಿಲಕ ಹಾಕಿಕೊಂಡೆ. ಅಪ್ಪ ಇನ್ನು ಹೊರಗೆ ಬರುವುದಿಲ್ಲ ಎಂದುಕೊಂಡು ಅವಳು ಬಾಗಿಲು ಬಡಿದು ಅತ್ತಳು. ಅಡುಗೆಮನೆಯಿಂದ ಹೆಂಡತಿ ಓಡಿ ಬಂದಳು. ಅಮ್ಮ ದೇವರ ಕೋಣೆಯಿಂದಲೇ "ಏನಾಯಿತೋ?" ಎಂದು ಕೇಳಿದರು. ಸಿಟ್ಟಿಳಿಸಿಕೊಳ್ಳಲು ಹೋದವನು ಇಡೀ ಮನೆಯನ್ನೇ ಎಬ್ಬಿಸಿದ್ದೆ. ಈಗ "ನನಗೆ ಸಿಟ್ಟು ಬರುತ್ತಿದೆ, ಐದು ನಿಮಿಷ ಬಿಟ್ಟು ಬರುತ್ತೇನೆ" ಎಂದು ಹೇಳಿ ಹೋಗುತ್ತೇನೆ, ಹೇಳಿದ ಹೊತ್ತಿಗೆ ಬರುತ್ತೇನೆ. ಅವಳು ಗಡಿಯಾರ ನೋಡುತ್ತಿರುತ್ತಾಳೆ.

ಏಳು ಮೂವತ್ತೆಂಟಕ್ಕೆ ಮಾತ್ರ ಐದು ನಿಮಿಷ ಎಲ್ಲಿಂದ ತರುವುದು? ಅದಕ್ಕೆ ಕಾಲುಚೀಲದ ಜೋಡಿ ರಾತ್ರಿಯೇ ಶೂ ಒಳಗೆ ಸೇರುತ್ತದೆ. ಸಂಜೆ ತಿರುವಿನ ದರ್ಶಿನಿಯಲ್ಲಿ ಒಂದು ವಡೆ, ಕಾಫಿ ಮುಗಿಸಿಯೇ ಮೆಟ್ಟಿಲು ಹತ್ತುತ್ತೇನೆ. ವಡೆಯ ಖರ್ಚು ಯಾವ ಲೆಕ್ಕಕ್ಕೆ ಎಂದು ಹೆಂಡತಿ ಕೇಳಿದಳು. ಕ್ಯಾಲೆಂಡರ್ ತೋರಿಸಿದೆ.

ಆದರೂ ತಪ್ಪುತ್ತದೆ. ಹೋದ ವಾರ ಕೂಗಿಬಿಟ್ಟು ಕ್ಷಮೆ ಕೇಳಲು ಹೋದೆ. "ಕೂಗಿದ್ದು ನನ್ನ ತಪ್ಪು ಪುಟ್ಟಿ, ಆದರೆ ನೀನು ನೀರಿನ ಬಾಟಲಿಯನ್ನು..." 'ಆದರೆ' ಎನ್ನುತ್ತಿದ್ದಂತೆ ದನಿ ಮತ್ತೆ ಏರಿತು. ಅವಳೇ ಹೋಗಿ ಎರಡು 'ಕೂ' ಬರೆದಳು.

ಈ ತಿಂಗಳು ಇಲ್ಲಿಯವರೆಗೆ ಮೂರು. ನಿನ್ನೆ ಕೆಳಗಿನ ಮನೆಯ ಆಂಟಿ ಮೆಟ್ಟಿಲಲ್ಲಿ ಸಿಕ್ಕು, "ಊರಿನಲ್ಲಿ ಇರಲಿಲ್ಲವೇ?" ಎಂದು ವಿಚಾರಿಸಿದರು. ಇಲ್ಲೇ ಇದ್ದೆವಲ್ಲ ಎಂದೆ. ಅವರು ನಿಟ್ಟುಸಿರು ಬಿಟ್ಟರು. "ನಿಮ್ಮ ಕೂಗು ಕೇಳಿದ ಮೇಲೆ ನನ್ನ ಮಗನನ್ನು ಎಬ್ಬಿಸುತ್ತಿದ್ದೆ. ಎರಡು ವಾರದಿಂದ ಅವನು ದಿನವೂ ಆಫೀಸಿಗೆ ತಡ."